ಪತ್ರಕರ್ತರಿಗೆ ನಾಲ್ಕೇ ಸಾಲು

2008ರ ಆಗಸ್ಟ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶವಿತ್ತು. ಒಬಾಮ ಭಾಷಣಕ್ಕೆ ಜನಸಾಗರವೇ ಬರುವುದಿತ್ತು, ಹೋಟೆಲ್ ಕೋಣೆಗಳು ಸಾಲುತ್ತಿರಲಿಲ್ಲ. ಮನೆಗಳಲ್ಲಿ ತಂಗಲು ಜಾಗ ಕೊಡಿಸುವ ಪುಟ್ಟ ಸ್ಟಾರ್ಟಪ್‌ ನಡೆಸುತ್ತಿದ್ದ ಬ್ರಯಾನ್ ಚೆಸ್ಕಿ ಮತ್ತು ಗೆಳೆಯರು ಈ ಕೊರತೆಯನ್ನೇ ಸುದ್ದಿಯ ಎಳೆಯಾಗಿ ಹಿಡಿದರು. ಮೊದಲು ಸಣ್ಣ ಸ್ಥಳೀಯ ಬ್ಲಾಗ್‌ಗಳಿಗೆ ಬರೆದರು. ಅಲ್ಲಿಂದ ಸುದ್ದಿ ದೊಡ್ಡ ಮಾಧ್ಯಮಗಳಿಗೆ ಏರಿತು. ಇಂದಿನ ಏರ್‌ಬಿಎನ್‌ಬಿ ಅದೇ.

ಅಂಥ ಪತ್ರ ಎರಡು ರೀತಿಯಲ್ಲಿ ಶುರುವಾಗಬಹುದು. "ನಮ್ಮದು ವಸತಿ ಕ್ಷೇತ್ರವನ್ನೇ ಬದಲಿಸುವ ವಿನೂತನ ವೇದಿಕೆ" ಎಂದರೆ ಪತ್ರಕರ್ತರು ಅಲ್ಲೇ ನಿಲ್ಲಿಸುತ್ತಾರೆ. ಅದರಲ್ಲಿ ಸುದ್ದಿಯೇ ಇಲ್ಲ. ಮಾದರಿಗೆ ಇನ್ನೊಂದು ನೋಡಿ:

"ಮುಂದಿನ ವಾರದ ಸಮಾವೇಶಕ್ಕೆ ಡೆನ್ವರ್‌ನಲ್ಲಿ ಕೋಣೆಗಳಿಲ್ಲ. ಊರಿನವರು ತಮ್ಮ ಮನೆಯಲ್ಲೇ ಅತಿಥಿಗಳಿಗೆ ಜಾಗ ಕೊಡುತ್ತಿದ್ದಾರೆ. ಅವರನ್ನು ಜೊತೆಗೂಡಿಸುವ ತಾಣ ನಮ್ಮದು. ಒಬ್ಬ ಮನೆಯೊಡೆಯರು, ಒಬ್ಬ ಅತಿಥಿ ನಾಳೆ ನಿಮ್ಮೊಡನೆ ಮಾತಾಡಲು ಸಿದ್ಧ."

ಮೊದಲ ಸಾಲಿನಲ್ಲಿ ಕಂಪನಿಯ ಹೆಸರೇ ಇಲ್ಲ, ಓದುಗರ ತೊಂದರೆಯಿದೆ. 'ಮುಂದಿನ ವಾರ' ಎಂಬುದು ಇವತ್ತೇ ಬರೆಯಲು ಕಾರಣ ಕೊಡುತ್ತದೆ. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ: ವರದಿಗಾರರಿಗೆ ಬೇಕಾದದ್ದು ಸಂಸ್ಥಾಪಕರ ಹೊಗಳಿಕೆಯಲ್ಲ, ಮಾತಾಡುವ ಜನ. ಸಂಸ್ಥಾಪಕರ ಓದು, ಬಂಡವಾಳದ ಕನಸು, ಭಾರದ ಲಗತ್ತುಗಳನ್ನೆಲ್ಲ ಕತ್ತರಿಸಬೇಕು. ಕೇಳಿದರೆ ಆಮೇಲೆ ಕಳಿಸಬಹುದು.

ಇದಕ್ಕೂ ಮಿತಿಯಿದೆ. ಸಮಾವೇಶ ಮುಗಿದದ್ದೇ ಚೆಸ್ಕಿ ತಂಡದ ಬುಕಿಂಗ್ ಬಿದ್ದುಹೋಯಿತು. ಆ ವರ್ಷ ಒಬಾಮ, ಮೆಕೇನ್ ಹೆಸರಿನ ಸೀರಿಯಲ್ ಡಬ್ಬಿಗಳನ್ನು ತಲಾ 40 ಡಾಲರ್‌ಗೆ ಮಾರಿ ಅವರು ಕಂಪನಿ ಉಳಿಸಿಕೊಂಡರು.