ಗಾಳಿ ಪ್ರವಾಹವಲ್ಲದೆಡೆ

ಗಾಳಿಯನ್ನು ಎಲ್ಲಿಯೂ ಬಿರುಕಿಲ್ಲದ ಪ್ರವಾಹವೆಂದು ಭಾವಿಸಿ ಲೆಕ್ಕ ಮಾಡುವುದು ವಾಡಿಕೆ. ವಾಸ್ತವವಾಗಿ ಅದು ಬಿಡಿಬಿಡಿ ಅಣುಗಳ ಸಂತೆ. ಒಂದು ಅಣು ಮತ್ತೊಂದಕ್ಕೆ ತಾಗುವ ಮುನ್ನ ಸಾಗುವ ಸರಾಸರಿ ದೂರವನ್ನು ಎದುರಿಗಿರುವ ವಸ್ತುವಿನ ಅಳತೆಯಿಂದ ಭಾಗಿಸಿದರೆ ಕ್ನೂಡ್ಸೆನ್ ಸಂಖ್ಯೆ ದೊರೆಯುತ್ತದೆ. ಇದು ಡೆನ್ಮಾರ್ಕಿನ ವಿಜ್ಞಾನಿಯೊಬ್ಬರ ಹೆಸರು. ಸಂಖ್ಯೆ 0.01ಕ್ಕಿಂತ ಕಡಮೆಯಿದ್ದರೆ ಪ್ರವಾಹದ ಲೆಕ್ಕ ಸಲ್ಲುತ್ತದೆ. 10ನ್ನು ಮೀರಿದರೆ ಒಂದೊಂದು ಅಣುವಿನ ಪೆಟ್ಟನ್ನೂ ಬೇರೆಯಾಗಿ ಎಣಿಸಬೇಕು.

ಮುದಿಯಾದ ‘ಮೇಘ-ಟ್ರಾಪಿಕ್ಸ್’ ಉಪಗ್ರಹವನ್ನು ಬೆಂಗಳೂರಿನ ಇಸ್ರೋ ನಿಯಂತ್ರಣ ಕೇಂದ್ರದವರು 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಮೇಲೆ ಇಳಿಸಿದರು. ಅಂಥ ಉಪಗ್ರಹದ ಅಗಲ 2 ಮೀಟರೆಂದು ಇಟ್ಟುಕೊಳ್ಳೋಣ. 150 ಕಿಲೋಮೀಟರ್ ಎತ್ತರದಲ್ಲಿ ಅಣುವಿನ ಓಟ ಸುಮಾರು 33 ಮೀಟರು, ಸಂಖ್ಯೆ 16ರಷ್ಟು. ಅಲ್ಲಿ ಅಣುಗಳು ಆಲಿಕಲ್ಲಿನಂತೆ ಒಂದೊಂದಾಗಿ ಬಡಿಯುತ್ತವೆ. 80 ಕಿಲೋಮೀಟರಿಗೆ ಇಳಿದರೆ ಓಟ 4 ಮಿಲಿಮೀಟರು, ಸಂಖ್ಯೆ 0.002. ಈಗ ಗಾಳಿ ಮುಂದೆ ಒತ್ತೊತ್ತಾಗಿ ಸೇರಿ, ಆಘಾತದ ಅಲೆಯೆದ್ದು, ಉಪಗ್ರಹ ಬೆಂದು ಒಡೆಯುತ್ತದೆ. ಒಂದೇ ಸೂತ್ರವನ್ನು ಮೇಲಿನಿಂದ ಕೆಳಗಿನವರೆಗೆ ಹಿಡಿದರೆ ಗಾಳಿಯ ತಡೆ ತಪ್ಪಾಗಿ ಬರುತ್ತದೆ. ತಡೆ ತಪ್ಪಿದರೆ ಚೂರುಗಳು ಬೀಳುವ ಸ್ಥಳವೂ ತಪ್ಪುತ್ತದೆ. ನಡುವಿನ ಎತ್ತರದಲ್ಲಂತೂ ಎರಡು ಲೆಕ್ಕವೂ ಪೂರ್ತಿ ಹೊಂದುವುದಿಲ್ಲ.

ಇದಕ್ಕೆ ಆಕಾಶವೇ ಬೇಕಿಲ್ಲ. ನಮ್ಮ ಮನೆಯ ಗಾಳಿಯಲ್ಲಿ ಅಣುವಿನ ಓಟ ಮಿಲಿಮೀಟರಿನ ಲಕ್ಷದಲ್ಲಿ ಏಳು ಭಾಗ. ನಾಳದ ಅಗಲ ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಭಾಗವಾದರೆ ಸಂಖ್ಯೆ 0.7. ಆಗ ಗಾಳಿ ನಾಳದ ಗೋಡೆಗೆ ಅಂಟಿ ನಿಲ್ಲದೆ ಜಾರುತ್ತದೆ. ಹಳೆಯ ಲೆಕ್ಕಕ್ಕಿಂತ ಹೆಚ್ಚು ಗಾಳಿ ಹೊರಬರುವುದೇ ಅದರ ಗುರುತು. ಗಾಳಿ ತೆಳ್ಳಗಾದರೂ ಒಂದೇ, ದಾರಿ ಕಿರಿದಾದರೂ ಒಂದೇ. ನೋಡಬೇಕಾದದ್ದು ಇವೆರಡರ ಪ್ರಮಾಣವನ್ನು.