ಆರು ಮೊಳವೋ, ಆರು ಮಳೆಯೋ?

ನಮ್ಮ ಜತ್ತ ಭಾಗದ ಒಂದು ಹಳ್ಳಿಯಲ್ಲಿ ಹಳೆಯ ಬಾವಿಗಳ ಬಗ್ಗೆ ಮಕ್ಕಳು ಅಜ್ಜಿಯೊಬ್ಬರನ್ನು ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದರು. ಅಜ್ಜಿ ಹೇಳಿದ್ದು: "ಆಗ ಬಾವ್ಯಾಗ ಆರು ಮೊಳಕ್ಕ ನೀರು ಸಿಗತಿತ್ತು." ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಎಂಬ ತಂತ್ರಾಂಶ ಬರೆದದ್ದು: "ಆಗ ಬಾವಿಯಾಗ ಆರು ಮಳೆಗೆ ನೀರು ಸಿಗುತ್ತಿತ್ತು." ಆರು ಮೊಳ ಅಂದರೆ ಸುಮಾರು ಒಂಬತ್ತು ಅಡಿ. ನಮಗೆ ಬೇಕಾಗಿದ್ದ ಅಳತೆಯೇ ಮಾಯ!

ಹಿಂದೆ ಹಿಟ್ಟಿನ ಗಿರಣಿ ಸದ್ದು ಮಾಡುತ್ತಿತ್ತು. ನಾನು ಮೊದಲು ಸದ್ದು ತೆಗೆಯುವ ಆ್ಯಪ್‌ಗೆ ಹಾಕಿದೆ. ಕಿವಿಗೆ ಹಿತವಾಯಿತು, ಬರಹ ಮಾತ್ರ ಇನ್ನೂ ಕೆಟ್ಟಿತು. ಗಿರಣಿಯ ಸದ್ದೂ ಸ, ಶ, ತ, ಕ ಮೊದಲಾದ ವ್ಯಂಜನಗಳ ಸಣ್ಣ ಸದ್ದೂ ಒಂದೇ ಆವರ್ತನಗಳಲ್ಲಿ ಬೆರೆತಿರುತ್ತವೆ. ಒಂದನ್ನು ಅಳಿಸಹೋದರೆ ಇನ್ನೊಂದೂ ಸವೆಯುತ್ತದೆ. ವಿಸ್ಪರ್ ಕಲಿತದ್ದು ಗದ್ದಲವೂ ಸೇರಿದ ಸಹಜ ಧ್ವನಿಗಳಿಂದ. ಹೀಗೆ ಸವೆದ ಮಾತು ಅದಕ್ಕೆ ಅಪರಿಚಿತ.

ನಿಜವಾದ ತಪ್ಪು ಫೋನ್ ಇಟ್ಟ ಜಾಗದಲ್ಲಿತ್ತು. ಅದು ಅಜ್ಜಿಯಿಂದ ಒಂದು ಮೀಟರ್ ದೂರ, ಕಟ್ಟೆಯ ಮೇಲಿತ್ತು. ನಾವು ಪಾಠ ಮಾಡುವ ವಿಲೋಮ ವರ್ಗ ನಿಯಮವನ್ನೇ ಇಲ್ಲಿ ಹಾಕಿ ನೋಡಿ. ದೂರವನ್ನು 25 ಸೆಂ.ಮೀ.ಗೆ, ಅಂದರೆ ಸುಮಾರು ಒಂದು ಗೇಣಿಗೆ ಇಳಿಸಿದರೆ ಬಯಲಿನಲ್ಲಿ ಮಾತಿನ ತೀವ್ರತೆ 16 ಪಟ್ಟು, ಅಂದರೆ ಸುಮಾರು 12 ಡೆಸಿಬೆಲ್ ಹೆಚ್ಚುತ್ತದೆ. ದೂರದ ಗಿರಣಿಯ ಸದ್ದು ಇದ್ದಷ್ಟೇ ಇರುತ್ತದೆ. ಗೋಡೆಗಳ ನಡುವೆ ಮಾರ್ದನಿ ಇರುವುದರಿಂದ ಲಾಭ ಇಷ್ಟು ಸಿಗದು. ಬಾಯಿಗೆ ನೇರ ಹಿಡಿದರೆ ಉಸಿರು ಬಡಿಯುತ್ತದೆ, ಗಲ್ಲದ ಪಕ್ಕಕ್ಕೆ ಹಿಡಿಯಲು ಮಕ್ಕಳಿಗೆ ಹೇಳಿ.

ಸುಧಾರಿಸಿತೋ ಇಲ್ಲವೋ ಎಂದು ಎಣಿಸಿಯೇ ತಿಳಿಯಬೇಕು. ಒಂದು ನಿಮಿಷದ ಮಾತನ್ನು ಕೇಳಿ ಕೈಯಿಂದ ಬರೆದುಕೊಳ್ಳಿ. ಯಂತ್ರದ ಬರಹದಲ್ಲಿ ಬದಲಾದ, ಬಿಟ್ಟುಹೋದ, ಹೊಸದಾಗಿ ಸೇರಿದ ಪದಗಳನ್ನು ಕೂಡಿಸಿ, ನೀವು ಬರೆದ ಪದಗಳ ಸಂಖ್ಯೆಯಿಂದ ಭಾಗಿಸಿ. ಅಜ್ಜಿಯ ವಾಕ್ಯದಲ್ಲಿ ಆರಕ್ಕೆ ಮೂರು, ಶೇ. 50 ತಪ್ಪು. ಆದರೆ "ಬಾವ್ಯಾಗ", "ಸಿಗತಿತ್ತು" ಎರಡೂ ಆಡುಮಾತಿನ ರೂಪಗಳು, ಅಲ್ಲಿ ಅರ್ಥ ಕೆಟ್ಟಿಲ್ಲ. ಅರ್ಥ ಕೆಡಿಸಿದ್ದು ಒಂದೇ. ಕನ್ನಡದಲ್ಲಿ ಪದಗಳು ಕೂಡಿಕೊಳ್ಳುವುದರಿಂದ "ಬಂದೆನೆಂದು" ಎಂಬುದನ್ನು "ಬಂದೆ ಎಂದು" ಎಂದು ಬರೆದರೂ ಲೆಕ್ಕದಲ್ಲಿ ಎರಡು ತಪ್ಪಾಗುತ್ತದೆ. ಅದಕ್ಕೇ ಅರ್ಥ ಕೆಟ್ಟ ಪದಗಳನ್ನು ನಾನು ಬೇರೆಯಾಗಿ ಎಣಿಸುತ್ತೇನೆ.

ನಮ್ಮ ಗಡಿ ಭಾಗಕ್ಕೆ ಇನ್ನೊಂದು ತೊಡಕು. ಭಾಷೆ ಯಾವುದೆಂದು ಹೇಳದಿದ್ದರೆ ವಿಸ್ಪರ್ ಮೊದಲ 30 ಸೆಕೆಂಡು ಕೇಳಿ ತಾನೇ ಊಹಿಸುತ್ತದೆ. ಶುರುವಿಗೆ ಯಾರೋ ಮರಾಠಿಯಲ್ಲಿ "ಬಸಾ, ಬಸಾ" ಎಂದು ಉಪಚರಿಸುತ್ತಿದ್ದರೆ ಮುಂದಿನದೆಲ್ಲ ಹಾದಿ ತಪ್ಪಬಹುದು. ಕನ್ನಡವೆಂದು ಮೊದಲೇ ಹೇಳಿಬಿಡಿ:

```
whisper ajji.wav --language kn --model medium
```

ಯಾರೂ ಮಾತಾಡದ ಕಡೆಯೂ ಅದು ಕೆಲವೊಮ್ಮೆ ಇಲ್ಲದ ವಾಕ್ಯ ಹೆಣೆಯುತ್ತದೆ, ಒಂದನ್ನೇ ಮತ್ತೆ ಮತ್ತೆ ಬರೆಯುತ್ತದೆ. ಉದ್ದನೆಯ ಮೌನಗಳನ್ನು ಮೊದಲೇ ಕತ್ತರಿಸಿ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಅಳತೆ, ಇಸವಿ, ಊರಿನ ಹೆಸರು ಬಂದ ಕಡೆ ಅದನ್ನು ಕಿವಿಯಿಂದಲೇ ಮತ್ತೊಮ್ಮೆ ಕೇಳಬೇಕಾಗುತ್ತದೆ.