ಕುದುರೆಗೆ ಹೆದರಿದ ಹುಡುಗ ಮತ್ತು ಫ್ರಾಯ್ಡ್ ಸಿದ್ಧಾಂತ

1908ರ ಜನವರಿಯಲ್ಲಿ ವಿಯೆನ್ನಾದ ಪುಟ್ಟ ಹುಡುಗನೊಬ್ಬ ಬೀದಿಗಿಳಿಯಲು ಹೆದರತೊಡಗಿದ. ಅವನಿಗಿನ್ನೂ ಐದು ತುಂಬಿರಲಿಲ್ಲ. ಕುದುರೆ ಕಚ್ಚುತ್ತದೆ ಎಂಬುದು ಅವನ ಭಯ. ಕುದುರೆಗಾಡಿಗಳೇ ಓಡಾಡುತ್ತಿದ್ದ ಊರಿನಲ್ಲಿ ಈ ಭಯದಿಂದ ಮನೆಯಿಂದ ಹೊರಬೀಳುವುದೇ ಕಷ್ಟವಾಯಿತು. ತಂದೆ ಮ್ಯಾಕ್ಸ್ ಗ್ರಾಫ್ ಸಂಗೀತ ವಿಮರ್ಶಕ, ಸಿಗ್ಮಂಡ್ ಫ್ರಾಯ್ಡ್ ಬಳಗದವರು. ಮಗನ ಮಾತುಗಳನ್ನು ಬರೆದುಕೊಂಡು ಫ್ರಾಯ್ಡ್‌ಗೆ ಕಳಿಸತೊಡಗಿದರು. 1909ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಹುಡುಗನ ಹೆಸರು 'ಪುಟ್ಟ ಹಾನ್ಸ್' ಎಂದಾಯಿತು. ಮನೋವಿಜ್ಞಾನದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇಂದಿಗೂ ಬರೆಯುವ ಉದಾಹರಣೆ ಇದು.

ಮನಸ್ಸಿನ ದೊಡ್ಡ ಭಾಗ ನಮ್ಮ ಅರಿವಿಗೆ ಸಿಗುವುದಿಲ್ಲ, ಒಪ್ಪಿಕೊಳ್ಳಲಾಗದ ಆಸೆಗಳನ್ನು ಮನಸ್ಸು ಅಲ್ಲಿಗೆ ಒತ್ತಿಬಿಡುತ್ತದೆ ಎಂಬುದು ಫ್ರಾಯ್ಡ್ ವಾದ. ಒತ್ತಿದ ಆಸೆ ಸಾಯುವುದಿಲ್ಲ. ಕನಸಾಗಿಯೋ ಭಯವಾಗಿಯೋ ವೇಷ ಬದಲಿಸಿಕೊಂಡು ಬರುತ್ತದೆ. ಆ ಅಡಗುತಾಣವೇ ಅಪ್ರಜ್ಞೆ, ಒತ್ತುವ ಕ್ರಿಯೆಯೇ ದಮನ. ಇದರ ಜೊತೆಗೆ ಬಾಲ್ಯದ ಬೆಳವಣಿಗೆಯ ನಕ್ಷೆಯೊಂದನ್ನೂ ಅವರು ಕೊಟ್ಟರು. ಸುಖ ಹುಡುಕುವ ಚೈತನ್ಯ ಮೊದಲ ವರ್ಷ ಬಾಯಿಯಲ್ಲಿ, ಆಮೇಲೆ ಸುಮಾರು ಮೂರರವರೆಗೆ ಮಲವಿಸರ್ಜನೆಯ ಹತೋಟಿಯಲ್ಲಿ, ಆರರವರೆಗೆ ಲಿಂಗಭೇದದ ಕುತೂಹಲದಲ್ಲಿ ನೆಲೆಸುತ್ತದೆ. ನಂತರ ಹರೆಯದವರೆಗೆ ಸುಪ್ತ ಹಂತ, ಕೊನೆಗೆ ಪ್ರೌಢ ಲೈಂಗಿಕತೆಯ ಹಂತ. ಒಂದು ಹಂತದಲ್ಲಿ ಅತಿಯಾದ ತೃಪ್ತಿಯೋ ಕೊರತೆಯೋ ಆದರೆ ವ್ಯಕ್ತಿತ್ವದ ಒಂದಂಶ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹಾನ್ಸ್ ಇದ್ದದ್ದು ಮೂರನೆಯ ಹಂತದಲ್ಲಿ. ಈ ವಯಸ್ಸಿನ ಹುಡುಗ ತಾಯಿಯನ್ನು ತನಗೊಬ್ಬನಿಗೇ ಬಯಸುತ್ತಾನೆ, ತಂದೆಯನ್ನು ಪ್ರತಿಸ್ಪರ್ಧಿಯಾಗಿ ಕಾಣುತ್ತಾನೆ, ಆತನ ಶಿಕ್ಷೆಗೆ ಅಂಜುತ್ತಾನೆ ಎಂಬ ಈಡಿಪಸ್ ಕಲ್ಪನೆ ಫ್ರಾಯ್ಡ್‌ಗೆ ಆಗಲೇ ಹೊಳೆದಿತ್ತು. ಕುದುರೆಯ ಬಾಯಿಯ ಸುತ್ತ ಏನೋ ಕಪ್ಪಗಿದೆ, ಕಣ್ಣಿಗೆ ಏನೋ ಕಟ್ಟಿದೆ ಎಂದು ಹುಡುಗ ಹೇಳಿದಾಗ, ಅವು ತಂದೆಯ ಮೀಸೆ ಮತ್ತು ಕನ್ನಡಕವೆಂದು ಫ್ರಾಯ್ಡ್ ಅರ್ಥೈಸಿದರು. ಅವರು ಹೇಳಿದಂತೆ ಕುದುರೆಯ ಭಯ ವಾಸ್ತವವಾಗಿ ತಂದೆಯ ಭಯ. ಪ್ರೀತಿಸುವ ಅಪ್ಪನಿಗೆ ಹೆದರುವುದಕ್ಕಿಂತ ಬೀದಿಯ ಕುದುರೆಗೆ ಹೆದರುವುದು ಸುಲಭ.

ವಿವರಣೆ ಮನ ಸೆಳೆಯುವಂಥದ್ದು. ಆದರೆ ಪುರಾವೆ ಕೂಡಿಬಂದ ದಾರಿಯನ್ನು ನೋಡಬೇಕು. ಚಿಕಿತ್ಸೆಯ ಅವಧಿಯಲ್ಲಿ ಫ್ರಾಯ್ಡ್ ಹುಡುಗನನ್ನು ಭೇಟಿಯಾದದ್ದು ಒಂದೇ ಸಲ. ನೀನು ಹುಟ್ಟುವ ಮೊದಲೇ, ತಾಯಿಯನ್ನು ತುಂಬ ಪ್ರೀತಿಸಿ ಅದರಿಂದಲೇ ತಂದೆಗೆ ಹೆದರುವ ಹುಡುಗ ಬರುತ್ತಾನೆಂದು ನನಗೆ ಗೊತ್ತಿತ್ತು ಎಂದು ಅಂದು ಅವರೇ ಅವನಿಗೆ ಹೇಳಿದರು. ಮನೆಗೆ ಹೋಗುವಾಗ ಹುಡುಗ, ಪ್ರೊಫೆಸರ್ ದೇವರ ಜೊತೆ ಮಾತಾಡುತ್ತಾರಾ ಎಂದು ತಂದೆಯನ್ನು ಕೇಳಿದ. ಉಳಿದ ಪ್ರಶ್ನೆಗಳನ್ನೆಲ್ಲ ಕೇಳಿದ್ದು ತಂದೆ, ಅದೂ ಸಿದ್ಧಾಂತವನ್ನು ಮೊದಲೇ ನಂಬಿದ್ದ ತಂದೆ. ಮಗು ತಾನಾಗಿ ಆಡಲಾಗದ ಎಷ್ಟೋ ಮಾತನ್ನು ಅವನಿಗೆ ಹೇಳಿಕೊಡಬೇಕಾಯಿತೆಂದು ಫ್ರಾಯ್ಡ್ ಒಪ್ಪಿಕೊಂಡಿದ್ದರು. ಉತ್ತರ ಮಗುವಿನದೋ, ಪ್ರಶ್ನೆಯಲ್ಲೇ ಅಡಗಿತ್ತೋ? ಈ ಪ್ರಕರಣದಲ್ಲಿ ಬೇರ್ಪಡಿಸಿ ಹೇಳಲು ಆಗುವುದಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಘಟನೆಯೂ ಇದೆ. ತಾಯಿಯ ಜೊತೆ ಹೋಗುವಾಗ ಪ್ರಯಾಣಿಕರ ಗಾಡಿಯೆಳೆಯುತ್ತಿದ್ದ ಕುದುರೆಯೊಂದು ಹಾನ್ಸ್ ಕಣ್ಣೆದುರೇ ಕುಸಿದು ಕಾಲು ಬಡಿದಿತ್ತು. 1960ರಲ್ಲಿ ಜೋಸೆಫ್ ವೋಲ್ಪಿ ಮತ್ತು ಸ್ಟ್ಯಾನ್ಲಿ ರಾಕ್‌ಮನ್ ಇದನ್ನೇ ಎತ್ತಿ ಹಿಡಿದರು: ಭಯಕ್ಕೆ ಈ ಅನುಭವವೇ ಸಾಕು, ಈಡಿಪಸ್ ಬೇಕಿಲ್ಲ.

ವಿಜ್ಞಾನದ ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ ಆಕ್ಷೇಪ ಇನ್ನೂ ಆಳದ್ದು. ಅವರೂ ವಿಯೆನ್ನಾದವರೇ. ಯಾವುದು ನಡೆದರೆ ತಾನು ತಪ್ಪೆಂದು ಒಪ್ಪುತ್ತೇನೆ ಎಂದು ವೈಜ್ಞಾನಿಕ ಸಿದ್ಧಾಂತ ಮೊದಲೇ ಹೇಳಬೇಕು ಎಂದರು ಅವರು. ಹಾನ್ಸ್ ವಿಷಯದಲ್ಲಿ ಅದನ್ನು ಒರೆಗೆ ಹಚ್ಚಿ ನೋಡಬಹುದು. ಹುಡುಗ ತಂದೆಯ ಮೇಲೆ ಸಿಟ್ಟಾದರೆ ಈಡಿಪಸ್ ಹಗೆ. ಮುದ್ದು ಮಾಡಿದರೆ ಹಗೆಯನ್ನು ಮುಚ್ಚುವ ಪ್ರೀತಿ. ವ್ಯಾಖ್ಯಾನ ಒಪ್ಪಿದರೆ ಸಮರ್ಥನೆ, ಅಲ್ಲಗಳೆದರೆ ದಮನ. 1922ರಲ್ಲಿ ಹತ್ತೊಂಬತ್ತರ ಯುವಕನಾಗಿ ಹಾನ್ಸ್ ಫ್ರಾಯ್ಡ್‌ರನ್ನು ಕಂಡಾಗ ಅವನಿಗೆ ಆ ವಿಶ್ಲೇಷಣೆಯ ನೆನಪೇ ಇರಲಿಲ್ಲ. ಆ ಮರೆವಿಗೂ ಸಿದ್ಧಾಂತದೊಳಗೇ ಜಾಗ ಸಿಕ್ಕಿತು.

ಪರೀಕ್ಷೆಯ ಪ್ರಬಂಧಗಳಲ್ಲಿ ಹೆಚ್ಚು ಅಂಕ ಕಳೆಯುವುದು ಇಲ್ಲಿಯೇ. ಫ್ರಾಯ್ಡ್ ಸುಳ್ಳೆಂದು ಪಾಪರ್ ಸಾಧಿಸಿದರು ಎಂದು ಬರೆದರೆ ತಪ್ಪು. ಸುಳ್ಳೆಂದು ಸಾಧಿಸಲು ದಾರಿಯೇ ಇಲ್ಲ ಎಂಬುದು ಅವರ ದೂರು. ಫ್ರಾಯ್ಡ್ ಹೇಳಿದ್ದರಲ್ಲಿ ಮಹತ್ವದ ಅಂಶಗಳಿರಬಹುದೆಂದೂ ಅವರು ಒಪ್ಪುತ್ತಿದ್ದರು. 1984ರಲ್ಲಿ ಅಡಾಲ್ಫ್ ಗ್ರೂನ್‌ಬಾಮ್ ಪಾಪರ್‌ರನ್ನೇ ಪ್ರಶ್ನಿಸಿದರು. ಫ್ರಾಯ್ಡ್‌ನ ಕೆಲವು ಹೇಳಿಕೆಗಳನ್ನು ಪರೀಕ್ಷಿಸಬಹುದು. ನಿಜವಾದ ದೋಷ, ವೈದ್ಯರ ಸೂಚನೆ ಬೆರೆತ ರೋಗಿಯ ಮಾತನ್ನೇ ಪುರಾವೆಯಾಗಿ ಎಣಿಸಿದ್ದು ಎಂದರು. ಅಚ್ಚುಕಟ್ಟು, ಜಿಪುಣತನ, ಹಟ ಇವು ಒಬ್ಬರಲ್ಲೇ ಕೂಡಿ ಬರುತ್ತವೆಂಬ ಎರಡನೆಯ ಹಂತದ ಮಾತನ್ನು ಸಂಶೋಧಕರು ಪರೀಕ್ಷಿಸಿಯೂ ಇದ್ದಾರೆ. ಆ ಗುಣಗಳ ನಂಟಿಗೆ ಒಂದಿಷ್ಟು ಬೆಂಬಲ ಸಿಕ್ಕಿದೆ. ಶೌಚದ ಅಭ್ಯಾಸ ಮಾಡಿಸಿದ ರೀತಿಯೇ ಅದಕ್ಕೆ ಕಾರಣ ಎಂಬುದಕ್ಕೆ ಭದ್ರವಾದ ಆಧಾರ ದೊರೆತಿಲ್ಲ.